ಅಂಗಿಯ ಕೈಯೊಳಗಿನ ಗಡಿಯಾರ

ಅಪ್ಪನ ಅಂಗಿಗಳೆಲ್ಲ ಎಡಗೈಯ ತುದಿಯಲ್ಲೇ ಮೊದಲು ಹರಿಯುತ್ತಿದ್ದವು. ಬಲಗೈಯ ಕಫ್ ಇನ್ನೂ ಹೊಸದರಂತೆ ಬಿಗಿಯಾಗಿ ನಿಂತಿರುವಾಗ ಎಡಗೈಯದರ ಅಂಚಿನಲ್ಲಿ ಮೂರು ನಾಲ್ಕು ಸೆಂಟಿಮೀಟರು ಉದ್ದಕ್ಕೆ ನೂಲು ಬಿಚ್ಚಿಕೊಂಡು, ಅಲ್ಲಿ ತಿಳಿಹಸಿರು ಬೆರೆತ ಕಂದು ಬಣ್ಣದ ಕಲೆಯೊಂದು ಮೂಡಿರುತ್ತಿತ್ತು. ಅಮ್ಮ ಅದನ್ನು ಸಾಬೂನು ಹಚ್ಚಿ ಎಷ್ಟು ಉಜ್ಜಿದರೂ ಕಲೆ ಹೋಗುತ್ತಿರಲಿಲ್ಲ. ಉಜ್ಜಿದಷ್ಟೂ ನೂಲು ಮಾತ್ರ ಇನ್ನಷ್ಟು ಸಡಿಲವಾಗುತ್ತಿತ್ತು. ಅದು ಗಡಿಯಾರದ ಕೆಲಸವೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎಡಗೈಯಲ್ಲಿ ಕೊಡೆ ಹಿಡಿಯುವ ಅಭ್ಯಾಸದಿಂದ ಹಾಗಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ನಮ್ಮ ಕಾಸರಗೋಡಿನ ಮಳೆಗಾಲವನ್ನು ಕಂಡವರು ಆ ಕಾರಣವನ್ನು ನಂಬದಿರುವುದು ಕಷ್ಟ.

ಆ ಗಡಿಯಾರ ಈಗ ನನ್ನ ಕೈಯಲ್ಲಿದೆ. ಎಚ್‌ಎಂಟಿಯ ಜನತಾ, ಹದಿನೇಳು ಕಲ್ಲುಗಳದ್ದು, ದಿನಕ್ಕೊಮ್ಮೆ ಚಾವಿ ಕೊಡಬೇಕಾದದ್ದು. ಬೆಂಗಳೂರಿನಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ 1961ರಲ್ಲಿ ಕೈಗಡಿಯಾರಗಳ ತಯಾರಿಯನ್ನು ಆರಂಭಿಸಿದರು. ಅನಂತರದ ಎರಡು ಮೂರು ದಶಕಗಳಲ್ಲಿ ಕೆಲಸಕ್ಕೆ ಸೇರಿದವರ, ಮದುವೆಯಾದವರ, ನಿವೃತ್ತರಾದವರ ಕೈಗಳಲ್ಲೆಲ್ಲ ಈ ಹೆಸರೇ ಇತ್ತು. 2016ರಲ್ಲಿ ಕೇಂದ್ರ ಸರಕಾರ ಆ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನ ಮಾಡಿತು. ಅಪ್ಪ ಅದಕ್ಕಿಂತ ಮೊದಲೇ ತೀರಿಕೊಂಡಿದ್ದರು. ಗಡಿಯಾರ ನಿಲ್ಲಲಿಲ್ಲ.

ನಾನು ಅದನ್ನು ಕಟ್ಟಲು ತೊಡಗಿದ ಒಂದೇ ವರುಷದಲ್ಲಿ ನನ್ನ ಅಂಗಿಯ ಎಡಗೈಯಲ್ಲಿಯೂ ಅದೇ ಕಲೆ, ಅದೇ ಜಾಗದಲ್ಲಿ ಕಾಣಿಸಿಕೊಂಡಿತು. ನಾನು ಕೊಡೆಯನ್ನು ಬಲಗೈಯಲ್ಲಿ ಹಿಡಿಯುವವನು. ಹಾಗಾಗಿ ಅಪ್ಪನ ವಿವರಣೆ ಅಲ್ಲಿಗೆ ಬಿದ್ದುಹೋಯಿತು.

ನಮ್ಮ ಪೇಟೆಯಲ್ಲಿ ಮೂರು ತಲೆಮಾರಿನ ಮೇಷ್ಟ್ರುಗಳಿಗೆ ಬಿಳಿ ಅಂಗಿ ಹೊಲಿದುಕೊಟ್ಟ ಟೈಲರರೊಬ್ಬರಿದ್ದಾರೆ. ಅವರ ಬಳಿಗೆ ಹರಿದ ಅಂಗಿಯನ್ನು ಒಯ್ದೆ. ಅವರು ಕಫನ್ನು ಬೆಳಕಿಗೆ ಹಿಡಿದು ನೋಡಿ, ಅಂಗಿಯನ್ನು ಬಿಟ್ಟು ನನ್ನ ಕೈಯನ್ನೇ ಎಳೆದುಕೊಂಡರು.

“ಮಾಷ್ಟ್ರೇ, ಈ ಕೈಯಲ್ಲಿ ವಾಚು ಕಟ್ಟುತ್ತೀರಿ ಅಂತ ಅಳತೆ ಕೊಡುವಾಗ ಯಾಕೆ ಹೇಳಲಿಲ್ಲ?”

ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಅವರು ತಮ್ಮ ಹಳೆಯ ಅಳತೆ ಪುಸ್ತಕವನ್ನು ತೆರೆದು ತೋರಿಸಿದರು. ಕೆಲವು ಹೆಸರುಗಳ ಮುಂದೆ ಎಡಗೈಯ ಅಳತೆಯ ಮೇಲೆ ‘ವಾ’ ಎಂದು ಸಣ್ಣಕ್ಕೆ ಬರೆದಿತ್ತು. ಅಂಥವರಿಗೆ ಆ ಕೈಯ ಕಫನ್ನು ಅರ್ಧ ಇಂಚು ದೊಡ್ಡದಾಗಿ ಕತ್ತರಿಸುವುದು ಅವರ ಪದ್ಧತಿ. ಎರಡು ಕೈಗಳ ಕಫ್ ಒಂದೇ ಅಳತೆಯಲ್ಲಿರಬೇಕಿಲ್ಲ, ಇದ್ದರೇ ತೊಂದರೆ ಎಂಬುದನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಂದು.

ಅವರು ಟೇಪು ಹಿಡಿದು ಅಳೆದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಬರಿಯ ಮಣಿಕಟ್ಟಿನ ಸುತ್ತಳತೆ 17 ಸೆಂಟಿಮೀಟರು. ಅದೇ ಟೇಪನ್ನು ಅಪ್ಪನ ಗಡಿಯಾರದ ಮೇಲಿನಿಂದ ಸುತ್ತಿದಾಗ 19.3. ಗಡಿಯಾರದ ದಪ್ಪ ಸುಮಾರು ಒಂದು ಸೆಂಟಿಮೀಟರು. ಸುತ್ತಳತೆ ಹೆಚ್ಚಿದ್ದು ಎರಡು ಸೆಂಟಿಮೀಟರಿಗೂ ಮೀರಿ. ಇದೇಕೆ ಹೀಗೆಂದು ಗಣಿತದವನಾದ ನಾನು ಮನೆಗೆ ಬಂದು ಕಾಗದದ ಮೇಲೆ ಚಿತ್ರ ಬರೆದು ನೋಡಿದೆ. ಬಟ್ಟೆಯು ಗಡಿಯಾರದ ಅಂಚಿನಿಂದ ನೇರ ಕೆಳಗಿಳಿದು ಚರ್ಮಕ್ಕೆ ಅಂಟಿಕೊಳ್ಳುವುದಿಲ್ಲ. ಡೇರೆಯ ಬಟ್ಟೆಯಂತೆ ಎರಡೂ ಬದಿಗೆ ಓರೆಯಾಗಿ ಇಳಿದು ಮಣಿಕಟ್ಟಿನ ಪಕ್ಕಕ್ಕೆ ಮುಟ್ಟುತ್ತದೆ. ಒಂದೊಂದು ಬದಿಗೂ ಗಡಿಯಾರದ ದಪ್ಪದಷ್ಟು ಬಟ್ಟೆ ಹೆಚ್ಚು ಬೇಕು, ಬೆಲ್ಟಿನ ದಪ್ಪಕ್ಕೆ ಇನ್ನೂ ಸ್ವಲ್ಪ. ಆದ್ದರಿಂದ ದಪ್ಪದ ಎರಡರಷ್ಟು, ಅದರ ಮೇಲೊಂದಿಷ್ಟು ಎಂದು ಹಿಡಿದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ನನ್ನ ಅಂಗಿಯ ಕಫ್ ಗುಂಡಿ ಹಾಕಿದ ಮೇಲೆ ಒಳಸುತ್ತು 20.5 ಸೆಂಟಿಮೀಟರು. ಬಲಗೈಗೆ ಅದು ಮೂರೂವರೆ ಸೆಂಟಿಮೀಟರು ಸಡಿಲ. ಎಡಗೈಗೆ ಗಡಿಯಾರದ ಮೇಲೆ ಉಳಿಯುವುದು ಒಂದು ಸೆಂಟಿಮೀಟರು ಚಿಲ್ಲರೆ ಮಾತ್ರ. ಅಷ್ಟು ಸಾಲದು. ಕಫ್ ಗಡಿಯಾರದ ಮೇಲೇರಿ ಜಾರುವುದಿಲ್ಲ, ಅದರ ಅಂಚಿಗೆ ತಾಗಿ ನಿಲ್ಲುತ್ತದೆ. ಕೈ ಮಡಚಿದಾಗ ಹಿಂದೆ, ನೀಡಿದಾಗ ಮುಂದೆ, ದಿನಕ್ಕೆ ನೂರಾರು ಬಾರಿ ಬಟ್ಟೆಯ ಒಂದೇ ಮಡಿಕೆ ಲೋಹದ ಒಂದೇ ಅಂಚಿಗೆ ತಿಕ್ಕುತ್ತದೆ. ಬಟ್ಟೆ ಹರಿಯುವುದು ಯಾವಾಗಲೂ ಮಡಿಕೆಯಲ್ಲಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಮಡಿಕೆಯಾದರೆ ಇನ್ನೂ ಬೇಗ. ಗಂಜಿಯ ಬಟ್ಟೆ ಬಾಗುವುದಿಲ್ಲ, ಮುರಿಯುತ್ತದೆ.

ಕಲೆಯ ಗುಟ್ಟನ್ನು ತಿಳಿಸಿದವರು ವಾಚು ರಿಪೇರಿಯವರು. ಅಪ್ಪನ ಗಡಿಯಾರದ ಕೇಸು ಹಿತ್ತಾಳೆಯದು, ಮೇಲೆ ಬೆಳ್ಳಿ ಬಣ್ಣದ ಲೇಪ. ಬೆಲ್ಟು ಸೇರುವ ನಾಲ್ಕು ಕೊಂಬುಗಳ ತುದಿಯಲ್ಲಿ ಲೇಪ ಸವೆದು ಹಳದಿ ಕಾಣುತ್ತಿತ್ತು. ಉಪ್ಪು ಬೆವರು ತಾಗಿದ ಹಿತ್ತಾಳೆ ಹಸಿರು ಬಿಡುತ್ತದೆ. ಪೂಜೆಯ ದೀಪವನ್ನು ಹುಣಸೆಹುಳಿಯಲ್ಲಿ ತಿಕ್ಕುವವರಿಗೆ ಇದು ಹೊಸ ಸಂಗತಿಯಲ್ಲ. ಸವೆದ ಲೇಪದ ಅಂಚು ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಗರಗಸವೂ ಹೌದು. ರಿಪೇರಿಯವರು ಒಂದು ತುಂಡು ಹತ್ತಿಯನ್ನು ಕೇಸಿನ ಸುತ್ತ ಮೆಲ್ಲಗೆ ಎಳೆದು ತೋರಿಸಿದರು. ನುಣುಪಾದಲ್ಲಿ ಹತ್ತಿ ಜಾರಿತು, ಎರಡು ಕೊಂಬುಗಳಲ್ಲಿ ಎಳೆ ಸಿಕ್ಕಿಕೊಂಡಿತು. ಹತ್ತಿಯ ಎಳೆ ಸಿಕ್ಕುವಲ್ಲಿ ಅಂಗಿಯ ನೂಲೂ ಸಿಕ್ಕುತ್ತದೆ. ಆ ಅಂಚುಗಳನ್ನು ಅವರು ನಯಗೊಳಿಸಿಕೊಟ್ಟರು. ಟೈಲರರು ಹರಿದ ಕಫನ್ನು ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿದರು. ಹಿಂದೆ ಕಾಲರನ್ನು ತಿರುಗಿಸಿ ಹೊಲಿಸುತ್ತಿದ್ದಂತೆಯೇ ಇದೂ. ಕಾಜವನ್ನು ಮಾತ್ರ ಹೊಸದಾಗಿ ಮಾಡಬೇಕಾಗುತ್ತದೆ.

ಸಿದ್ಧ ಉಡುಪಿನ ಅಂಗಿಗಳಲ್ಲಿ ಕಫಿಗೆ ಅಕ್ಕಪಕ್ಕದಲ್ಲಿ ಎರಡು ಗುಂಡಿಗಳಿರುವುದನ್ನು ಎಲ್ಲರೂ ಕಂಡಿದ್ದೇವೆ. ಒಂದು ಉದುರಿದರೆ ಇನ್ನೊಂದಿರಲಿ ಎಂದು ಹಾಕಿದ್ದೆಂದು ನಾನು ಬಹುಕಾಲ ತಿಳಿದಿದ್ದೆ. ಅದು ಸುತ್ತಳತೆಯನ್ನು ಹೊಂದಿಸಿಕೊಳ್ಳುವುದಕ್ಕೆ. ಗಡಿಯಾರದ ಕೈಯಲ್ಲಿ ಹೊರಗಿನ ಗುಂಡಿಯನ್ನು, ಇನ್ನೊಂದರಲ್ಲಿ ಒಳಗಿನದನ್ನು ಹಾಕಿದರೆ ಟೈಲರರ ‘ವಾ’ ಅಕ್ಷರದ ಕೆಲಸ ತಕ್ಕಮಟ್ಟಿಗೆ ನಡೆಯುತ್ತದೆ.

ಇಷ್ಟಾದ ಮೇಲೆ ಗಡಿಯಾರ ತೆಳ್ಳಗಿದ್ದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಒಳ್ಳೆಯದೇ. ಹೊಸೂರಿನಲ್ಲಿ ಕಾರ್ಖಾನೆಯಿರುವ ಟೈಟನ್ ಕಂಪೆನಿ ಎಡ್ಜ್ ಎಂಬ ಗಡಿಯಾರವನ್ನು ಮಾಡಿದಾಗ ಅದರ ಒಟ್ಟು ದಪ್ಪವನ್ನು 3.5 ಮಿಲಿಮೀಟರಿಗೆ, ಒಳಗಿನ ಯಂತ್ರದ ದಪ್ಪವನ್ನು 1.15 ಮಿಲಿಮೀಟರಿಗೆ ಇಳಿಸಿತ್ತು. ಅಂಥದ್ದು ಯಾವ ಕಫಿನ ಕೆಳಗೂ ಸದ್ದಿಲ್ಲದೆ ಜಾರಿಹೋಗುತ್ತದೆ. ಬ್ಯಾಟರಿಯದಾದ್ದರಿಂದ ಅದು ಸಾಧ್ಯವಾಯಿತು. ಚಾವಿಯ ಗಡಿಯಾರದಲ್ಲಿ ಸುರುಳಿ, ಹಲ್ಲಿನ ಚಕ್ರಗಳು ಒಂದರ ಮೇಲೊಂದು ಕೂರಬೇಕು. ಕೈಯ ಅಲುಗಾಟದಿಂದ ತಾನೇ ಚಾವಿ ಕೊಟ್ಟುಕೊಳ್ಳುವ ಆಟೋಮ್ಯಾಟಿಕ್ ಆದರೆ, ಅವೆಲ್ಲದರ ಬೆನ್ನಿಗೆ ತಿರುಗುವ ಭಾರದ ತಟ್ಟೆಯೊಂದು ಬೇರೆ ಇರುತ್ತದೆ. ಆದ್ದರಿಂದ ಅದು ಇನ್ನೂ ದಪ್ಪ. ನನ್ನ ಸೋದರಳಿಯ ಗಲ್ಫಿನಿಂದ ತಂದ, ನೀರಿನೊಳಗೆ ಮುಳುಗುವವರಿಗಾಗಿ ಮಾಡಿದ ಗಡಿಯಾರ 13 ಮಿಲಿಮೀಟರು ದಪ್ಪವಿದೆ. ಅದರ ಮೇಲೆ ಕಫಿನ ಗುಂಡಿ ಹಾಕಲು ಅವನಿಂದ ಸಾಧ್ಯವೇ ಇಲ್ಲ. ಮದುವೆ ಮನೆಗಳಲ್ಲಿ ಒಂದು ಕೈಯ ತೋಳನ್ನು ಮಡಚಿಕೊಂಡು, ಇನ್ನೊಂದರ ಗುಂಡಿ ಹಾಕಿಕೊಂಡು ತಿರುಗುತ್ತಾನೆ. ಇಟಲಿಯಲ್ಲಿ ಫಿಯಟ್ ಕಾರಿನ ಒಡೆಯರಾಗಿದ್ದ ಜಿಯಾನಿ ಅನೆಲ್ಲಿಯವರು ಗಡಿಯಾರವನ್ನು ಕಫಿನ ಮೇಲೆಯೇ ಕಟ್ಟುತ್ತಿದ್ದರು, ಅದು ಅಲ್ಲಿ ಷೋಕಿಯೆನಿಸಿತು. ನಮ್ಮಲ್ಲಿ ಹಾಗೆ ಕಟ್ಟಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರರು ಚಿಲ್ಲರೆಗೆ ಮೊದಲು ಆರೋಗ್ಯ ವಿಚಾರಿಸಿಯಾರು.

ಇನ್ನು ಯಾವ ಕೈಗೆ ಕಟ್ಟಬೇಕೆಂಬ ಪ್ರಶ್ನೆ. ಇದನ್ನು ನಾನು ಬಟ್ಟೆ ಹರಿದು ಕಲಿತದ್ದಲ್ಲ. ಕಲಿತ ಬಗೆಯನ್ನು ಬರೆಯಲು ಈಗಲೂ ಸ್ವಲ್ಪ ಸಂಕೋಚವಿದೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಕೊನೆಯಲ್ಲಿ, ಮನೆಯ ಮುಂದಿನ ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಹಾವಸೆಗೆ ಜಾರಿಬಿದ್ದು ಎಡಗೈಯ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರು. ಬಾಯಲ್ಲಿ ಹೇಳುವಷ್ಟು ನೋವಿರಲಿಲ್ಲವಾದ್ದರಿಂದ ಶಾಲೆಗೆ ಹೋಗುತ್ತಿದ್ದೆ. ಅಂಗಿಯ ಎಡತೋಳು ಪ್ಲಾಸ್ಟರಿನ ಮೇಲೆ ಇಳಿಯದೆ ಮೊಣಕೈಯ ಮೇಲೆ ಮಡಚಿ ಕುಳಿತಿತ್ತು. ಗಡಿಯಾರ ಬಲಗೈಗೆ ಬಂತು. ಬೆಳಿಗ್ಗೆ ಮಗಳು ಅದಕ್ಕೆ ಚಾವಿ ಕೊಟ್ಟು, ನನ್ನ ಕೈಗೆ ಕಟ್ಟಿ, ಮೇಲಿನಿಂದ ಕಫಿನ ಗುಂಡಿ ಹಾಕಿ ಕಳುಹಿಸುತ್ತಿದ್ದಳು.

ಓಣಂ ಪರೀಕ್ಷೆಯ ದಿನಗಳು. ಮಧ್ಯಾಹ್ನ ಒಂಬತ್ತನೆಯ ತರಗತಿಯ ಗಣಿತ, ನಾಲ್ಕು ಗಂಟೆಗೆ ಮುಗಿಯಬೇಕಾದದ್ದು. ಊಟದ ಬಿಡುವಿನಲ್ಲಿ ನಾಲ್ಕು ಕೊಠಡಿಗಳ ಕರಿಹಲಗೆಯ ಮೇಲೆ ಮಕ್ಕಳ ನೋಂದಣಿ ಸಂಖ್ಯೆಗಳನ್ನು ನಾನೇ ಬರೆದೆ. ಅನಂತರ ಒಂದು ಕೊಠಡಿಯ ಮೇಲ್ವಿಚಾರಣೆಗೆ ನಿಂತೆ. ಆ ಕೊಠಡಿಯಲ್ಲಿ ಗೋಡೆ ಗಡಿಯಾರವಿರಲಿಲ್ಲ. ಮೊಬೈಲನ್ನು ಅಧ್ಯಾಪಕರ ಕೋಣೆಯಲ್ಲಿಟ್ಟು ಬರುವುದು ನಿಯಮ. ಇಪ್ಪತ್ತೆಂಟು ಮಕ್ಕಳಿಗೆ ಹೊತ್ತು ಎಂದರೆ ನನ್ನ ಕೈಯಲ್ಲಿದ್ದದ್ದೇ.

ಗಡಿಯಾರ ಮೂರು ಐವತ್ತು ತೋರಿಸಿದಾಗ, “ಇನ್ನು ಹತ್ತೇ ನಿಮಿಷ” ಎಂದು ಹೇಳಿದೆ. ಕೊಠಡಿಯಲ್ಲಿ ಒಮ್ಮೆಲೇ ಹಾಳೆಗಳ ಸದ್ದು. ಜ್ಯಾಮಿತಿಯ ರಚನೆಯನ್ನು ಅರ್ಧ ಮಾಡಿದ್ದ ಹುಡುಗಿಯೊಬ್ಬಳು ಕೈವಾರ ಕೆಳಗಿಟ್ಟು, ಚಿತ್ರಕ್ಕೆ ಅಡ್ಡಗೆರೆ ಎಳೆದು, ಸುಲಭದ ಇನ್ನೊಂದು ಪ್ರಶ್ನೆಗೆ ಹಾರಿದಳು. ಐದಾರು ಮಕ್ಕಳು ಉತ್ತರಪತ್ರಿಕೆ ಕೊಟ್ಟು ಹೊರಗೆ ಹೋದರು. ನಾಲ್ಕು ಗಂಟೆಯಾಯಿತು, ಗಂಟೆ ಬಾರಿಸಲಿಲ್ಲ. ಒಂದು ನಿಮಿಷ ಕಾದೆ. ಪಕ್ಕದ ಕೊಠಡಿಯ ಅಧ್ಯಾಪಕಿ ಬಾಗಿಲಲ್ಲಿ ನಿಂತು, “ಏನು ಸರ್, ಮಕ್ಕಳನ್ನು ಇಷ್ಟು ಬೇಗ ಬಿಟ್ಟದ್ದು?” ಎಂದು ಕೇಳಿದಾಗಲೇ ನನಗೆ ಅನುಮಾನ ಹುಟ್ಟಿದ್ದು. ನಿಜವಾದ ಸಮಯ ಆಗ ಮೂರು ಐವತ್ತೆರಡು. ನನ್ನ ಗಡಿಯಾರ ಒಂಬತ್ತು ನಿಮಿಷ ಮುಂದಿತ್ತು.

ಹೊರಗೆ ಹೋದವರನ್ನು ವರಾಂಡದಿಂದ ಕೂಗಿ ಕರೆದೆ. ಒಬ್ಬನ ಹೊರತು ಎಲ್ಲರೂ ಸಿಕ್ಕಿದರು. ಅಡ್ಡಗೆರೆ ಎಳೆದಿದ್ದ ಹುಡುಗಿ ಹೊಸ ಹಾಳೆಯಲ್ಲಿ ಮತ್ತೆ ಚಿತ್ರ ಆರಂಭಿಸಿದಳು, ಮುಗಿಸಿದಳು ಕೂಡ. ಸಿಗದವನು ಬೇಗ ಬಿಟ್ಟರೆಂದು ಹಿಂದಿನ ಬಸ್ಸಿಗೇ ಓಡಿದ್ದ. ಅವನು ಬಿಟ್ಟದ್ದು ನಾಲ್ಕು ಅಂಕದ ಒಂದು ಪ್ರಶ್ನೆ. ಮುಖ್ಯೋಪಾಧ್ಯಾಯರಿಗೆ ನಡೆದದ್ದನ್ನು ಹೇಳಿದೆ. ಮರುದಿನ ಹುಡುಗನನ್ನು ಕಂಡು ತಪ್ಪು ನನ್ನದೆಂದಾಗ ಅವನು, “ಪರವಾಗಿಲ್ಲ ಸರ್, ಆ ಲೆಕ್ಕ ನನಗೆ ಬರುತ್ತಿರಲಿಲ್ಲ” ಎಂದ. ಉತ್ತರಪತ್ರಿಕೆ ತಿದ್ದುವಾಗ ನೋಡಿದರೆ ಅಂಚಿನಲ್ಲಿ ಪೆನ್ಸಿಲಿನಿಂದ ಆ ಲೆಕ್ಕದ ಮೊದಲ ಎರಡು ಹಂತಗಳನ್ನು ಸರಿಯಾಗಿಯೇ ಮಾಡಿಟ್ಟಿದ್ದ.

ಗಡಿಯಾರ ಕೆಟ್ಟಿರಲಿಲ್ಲ. ಬೆಳಿಗ್ಗೆ ಮೊಬೈಲಿಗೆ ಸರಿಹೊಂದಿಸಿಯೇ ಕಟ್ಟಿದ್ದೆವು. ಸಂಜೆ ಬಿಚ್ಚಿ ನೋಡಿದಾಗ ಚಾವಿ ಕೇಸಿನಿಂದ ಉಗುರಿನ ದಪ್ಪದಷ್ಟು ಹೊರಗೆ ಬಂದಿತ್ತು, ಮುಳ್ಳುಗಳನ್ನು ತಿರುಗಿಸಲು ನಾವು ಎಳೆದುಕೊಳ್ಳುತ್ತೇವಲ್ಲ, ಆ ಸ್ಥಿತಿಗೆ. ಕೆಲವು ಗಡಿಯಾರಗಳಲ್ಲಿ ಚಾವಿ ಎಳೆದೊಡನೆ ಸೆಕೆಂಡಿನ ಮುಳ್ಳು ನಿಲ್ಲುತ್ತದೆ, ಏನೋ ಆಗಿದೆಯೆಂದು ಗೊತ್ತಾಗುತ್ತದೆ. ಅಪ್ಪನದರಲ್ಲಿ ನಿಲ್ಲುವುದಿಲ್ಲ. ಟಿಕ್ ಟಿಕ್ ಎಂದು ನಡೆಯುತ್ತಲೇ ಇರುವ ಗಡಿಯಾರವನ್ನು ಸಂಶಯಿಸುವವರು ಯಾರು?

ಎಳೆದವರು ಯಾರೆಂಬುದನ್ನು ಕಂಡುಹಿಡಿಯಲು ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಒಂದು ಸಂಜೆಯೆಲ್ಲ ಬಲಗೈಯನ್ನು ಎತ್ತಿ ಇಳಿಸಿ ನೋಡಿದೆ. ಸಂಗತಿ ಸರಳ. ಸಾಮಾನ್ಯ ಗಡಿಯಾರದಲ್ಲಿ ಚಾವಿಯಿರುವುದು ಮೂರರ ಅಂಕೆಯ ಬಳಿ. ಎಡಗೈಗೆ ಕಟ್ಟಿದಾಗ ಮೂರರ ಅಂಕೆ ಬೆರಳುಗಳ ಕಡೆಗಿರುತ್ತದೆ, ಬಲಗೈಗೆ ಕಟ್ಟಿದಾಗ ಮೊಣಕೈಯ ಕಡೆಗೆ, ಎಂದರೆ ಅಂಗಿಯ ತೋಳು ಬರುವ ದಿಕ್ಕಿಗೆ. ಕೈ ಇಳಿಬಿಟ್ಟಾಗ ಕಫ್ ಜಾರಿ ಗಡಿಯಾರವನ್ನು ಮುಚ್ಚುತ್ತದೆ. ಕರಿಹಲಗೆಯ ಮೇಲೆ ಬರೆಯಲು ಕೈ ಎತ್ತಿದಾಗ ಅದು ಮೊಣಕೈಯತ್ತ ಹಿಂದೆ ಸರಿಯುತ್ತದೆ. ಸರಿಯುವಾಗ ಅದರ ಅಂಚು ಚಾವಿಯ ತಲೆಗೂ ಕೇಸಿಗೂ ನಡುವಿನ ಸಂದಿಗೆ ಬಿದ್ದರೆ, ಚಾವಿಯನ್ನು ತಾನು ಹೋಗುವ ದಿಕ್ಕಿಗೇ ಎಳೆಯುತ್ತದೆ. ಆ ದಿಕ್ಕು ಹೊರಮುಖವಾದದ್ದು. ಎಡಗೈಯಲ್ಲಾದರೆ ಇದೇ ಚಲನೆ ಚಾವಿಯನ್ನು ಒಳಕ್ಕೆ ಒತ್ತುತ್ತದೆ, ಅದರಿಂದ ಕೇಡಿಲ್ಲ. ಒಮ್ಮೆ ಹೊರಬಂದ ಮೇಲೆ ಮಿಕ್ಕ ಕೆಲಸ ಇನ್ನೂ ಸುಲಭ. ಚಾವಿಯ ಸುತ್ತ ಬೆರಳಿಗೆ ಹಿಡಿತ ಸಿಗಲೆಂದು ಗೀರುಗಳಿರುತ್ತವೆ. ಆ ಗೀರುಗಳಿಗೆ ಬೆರಳಾದರೇನು, ಬಟ್ಟೆಯಾದರೇನು. ಬಿಗಿಯಾದ ಕಫಿನೊಳಗೆ ಮಣಿಕಟ್ಟನ್ನು ತಿರುಚಿದಾಗ, ಸೀಮೆಸುಣ್ಣ ಹಿಡಿದು ಬರೆಯುವವನು ಅಕ್ಷರಕ್ಕೊಮ್ಮೆ ತಿರುಚುತ್ತಾನೆ, ಚಾವಿ ಅಷ್ಟಿಷ್ಟು ಉರುಳುತ್ತದೆ, ನಿಮಿಷದ ಮುಳ್ಳು ಅದರ ಹಿಂದೆ ಹೋಗುತ್ತದೆ. ನಾಲ್ಕು ಕೊಠಡಿಗಳ ಕರಿಹಲಗೆ, ಒಂಬತ್ತು ನಿಮಿಷ.

ಗಡಿಯಾರ ಎಡಗೈಯದು ಎಂಬ ರೂಢಿಗೆ ಬಲಗೈಯವರ ಕೆಲಸದ ಕೈ ಬರಿದಾಗಿರಲಿ ಎಂಬುದೊಂದೇ ಕಾರಣವೆಂದು ನಾನು ತಿಳಿದಿದ್ದೆ. ಬಲಗೈಯಿಂದ ಚಾವಿ ಕೊಡಲು ಅನುಕೂಲವಾಗಲಿ ಎಂದು ಚಾವಿಯನ್ನು ಮೂರರ ಬಳಿ ಇಟ್ಟರು; ಹಾಗೆ ಇಟ್ಟದ್ದರಿಂದ ಗಡಿಯಾರ ಎಡಗೈಗೇ ಹೊಂದುವಂತಾಯಿತು. ಎಡಗೈಯಲ್ಲಿ ಬರೆಯುವವರಿಗಾಗಿ ಒಂಬತ್ತರ ಬಳಿ ಚಾವಿಯಿರುವ ಗಡಿಯಾರಗಳನ್ನು ಕೆಲವು ಕಂಪೆನಿಗಳು ಮಾಡುತ್ತವೆ, ಆದರೆ ನಮ್ಮ ಪೇಟೆಗಳ ಅಂಗಡಿಗಳಲ್ಲಿ ನಾನು ಕಂಡಿಲ್ಲ. ನನ್ನ ಮಗಳು ಎಡಚಿ. ಅವಳು ಬಲಗೈಗೆ ಬ್ಯಾಟರಿಯ ಸಣ್ಣ ಗಡಿಯಾರ ಕಟ್ಟುತ್ತಾಳೆ. ಅದರ ಚಾವಿ ಮೆಣಸಿನ ಕಾಳಿಗಿಂತ ಚಿಕ್ಕದು, ಕೇಸಿನೊಳಗೆ ಅರ್ಧ ಹುದುಗಿದೆ; ಉಗುರು ಹಾಕಿ ಎಳೆದರೂ ಒಮ್ಮೆಲೇ ಬರುವುದಿಲ್ಲ. ಶಾಲೆಯ ಸಮವಸ್ತ್ರಕ್ಕೆ ಅರ್ಧತೋಳು ಇರುವವರೆಗೆ ಮಕ್ಕಳಿಗೆ ಈ ತಾಪತ್ರಯವಿಲ್ಲ. ಮುಂದೆ ಉದ್ದತೋಳಿನ ಉಡುಪು ಹಾಕುವಾಗ, ಬಲಗೈಗೆ ಕಟ್ಟುವವರು ಗಡಿಯಾರದ ಅಂದಕ್ಕಿಂತ ಮೊದಲು ಅದರ ಚಾವಿ ಎಷ್ಟು ಹೊರಚಾಚಿದೆ ಎಂಬುದನ್ನು ಬೆರಳಲ್ಲಿ ಮುಟ್ಟಿ ನೋಡಬೇಕು. ಮುಳ್ಳಿನ ಗಡಿಯಾರ ಬಲಗೈಯಲ್ಲಿದ್ದು ದಿನಕ್ಕೊಂದು ಬಗೆಯಾಗಿ ಮುಂದೆ ಹಿಂದೆ ಹೋಗುತ್ತಿದ್ದರೆ ಯಂತ್ರವನ್ನು ಬಿಚ್ಚಿಸುವ ಮೊದಲು ಕಫನ್ನು ನೋಡಬೇಕು. ಯಂತ್ರದ ದೋಷವಾದರೆ ತಪ್ಪು ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತದೆ.

ಎಡಗೈಯಲ್ಲಿಯೂ ಚಾವಿಗೆ ತನ್ನದೇ ಆದ ಉಪದ್ರವವಿದೆ. ಗಡಿಯಾರ ತೀರ ಕೆಳಗೆ ಇಳಿದಿದ್ದರೆ, ನೆಲಕ್ಕೆ ಕೈಯೂರಿ ಏಳುವಾಗ ಅದು ಅಂಗೈಯ ಬೆನ್ನಿಗೆ ಚುಚ್ಚುತ್ತದೆ. ಕಿರುಬೆರಳ ಬದಿಯಲ್ಲಿ ಉಬ್ಬಿದ ಮೂಳೆಯಿದೆಯಲ್ಲ, ಅದರ ಮೇಲ್ಬದಿಗೆ, ಮೊಣಕೈಯ ಕಡೆಗೆ ಗಡಿಯಾರ ಕೂತರೆ ಚುಚ್ಚುವುದಿಲ್ಲ. ಅಲ್ಲಿ ಕೂತ ಗಡಿಯಾರ ಕೈ ನೀಡಿದಾಗ ಕಫಿನೊಳಗೆ ಪೂರ್ತಿ ಮರೆಯಾಗಿ, ಮೊಣಕೈ ಮಡಚಿದಾಗ ತೋಳು ಹಿಂದೆ ಸರಿದಂತೆ ಅರ್ಧ ಮುಖ ತೋರಿಸುತ್ತದೆ. ತೋಳಿನ ಉದ್ದವೇ ಕಡಿಮೆಯಿದ್ದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಕಫಿನ ಅಂಚು ಸದಾ ಕೇಸಿನ ಮೇಲೆಯೇ ಬಿದ್ದಿರುತ್ತದೆ, ಅಪ್ಪನ ಅಂಗಿಗಳಂತೆ. ಬಟ್ಟೆ ಉಳಿಸಲೆಂದು ಅವರು ತೋಳನ್ನು ಅರ್ಧ ಇಂಚು ಗಿಡ್ಡ ಹೊಲಿಸುತ್ತಿದ್ದರೆಂದು ಅದೇ ಅಳತೆ ಪುಸ್ತಕದಿಂದ ನನಗೆ ತಿಳಿಯಿತು.

ಸಪ್ಟೆಂಬರಿನಲ್ಲಿ ಪ್ಲಾಸ್ಟರು ಬಿಚ್ಚಿದ ದಿನ ಎಡಗೈ ಬಡಕಲಾಗಿ, ಬಿಳಿಚಿಕೊಂಡಿತ್ತು. ಬೆಲ್ಟನ್ನು ಒಂದು ತೂತು ಒಳಗೆ ಹಾಕಬೇಕಾಯಿತು. ಅಲ್ಲಿಂದ ನೇರ ಟೈಲರರಲ್ಲಿಗೆ ಹೋಗಿ ಹೊಸ ಅಂಗಿಗೆ ಅಳತೆ ಕೊಟ್ಟೆ. ಅವರು ಮಣಿಕಟ್ಟಿಗೆ ಟೇಪು ಸುತ್ತಿ, ತಲೆಯಲ್ಲಾಡಿಸಿ, ಕೈ ತುಂಬಿಕೊಳ್ಳಲು ಒಂದು ತಿಂಗಳಾದರೂ ಬೇಕು, ಹಳೆಯ ಅಳತೆಯಲ್ಲೇ ಕತ್ತರಿಸುತ್ತೇನೆ ಎಂದರು. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎಡಗೈಯ ಮೇಲೆ ‘ವಾ’ ಇತ್ತು. ಗಡಿಯಾರ ಬಲಗೈಗೆ ಹೋದ ಕತೆಯನ್ನು ಹೇಳಿದಾಗ ಅವರು ಬಲಗೈಯ ಅಳತೆಯ ಮೇಲೆ ಏನೂ ಬರೆಯದೆ, ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, “ಆ ಹುಡುಗನಿಗೆ ನಾಲ್ಕು ಅಂಕ ಕೊಟ್ಟಿರಾ ಮಾಷ್ಟ್ರೇ?” ಎಂದು ಕೇಳಿದರು.

ಎರಡು ಹಂತಗಳಿಗೆ ಎರಡು ಕೊಟ್ಟೆ ಎಂದೆ.